ಇಸವಿ ಬಿಟ್ಟು ಒಂದು ವಸ್ತು ಹಿಡಿದು ಪ್ರಬಂಧ ಬರೆಯುವುದು

ಅಮ್ಮನ ಬಗ್ಗೆ ಒಂದು ಪ್ರಬಂಧ ಬರೆಯಬೇಕು ಅಂತ ಕೂತಾಗ ನಾನು ಬರೆದ ಮೊದಲ ವಾಕ್ಯ ಅವಳು ಹುಟ್ಟಿದ ವರ್ಷದ್ದು. ಎರಡನೆಯದು ಮದುವೆಯದು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ನಾನು ಹುಟ್ಟಿದ್ದೆ, ಅಪ್ಪ ದೂರದ ಕೆಲಸಕ್ಕೆ ಹೋಗಿದ್ದರು, ಅಮ್ಮ ಹೊಲಿಗೆ ಕಲಿತು ಮನೆಯಲ್ಲೇ ಬಟ್ಟೆ ಹೊಲಿದುಕೊಡಲು ಶುರು ಮಾಡಿದ್ದಳು. ಐದನೇ ಪುಟದಲ್ಲಿ ಅವಳು ತೀರಿಕೊಂಡಳು. ಬರೆದದ್ದೆಲ್ಲ ನಿಜ. ಒಂದು ಇಸವಿಯೂ ತಪ್ಪಿರಲಿಲ್ಲ. ಓದಿದ ಗೆಳತಿ ಮಾತ್ರ ಒಂದೇ ಮಾತು ಕೇಳಿದಳು: "ಇದರಲ್ಲಿ ನಿಮ್ಮಮ್ಮ ಎಲ್ಲಿದ್ದಾರೆ?"

ಆ ಬರಹವನ್ನು ಪಕ್ಕಕ್ಕಿಟ್ಟು, ಅಮ್ಮನ ಅಳತೆ ಟೇಪನ್ನು ಮುಂದಿಟ್ಟುಕೊಂಡು ಮತ್ತೆ ಬರೆದೆ. ಈ ಎರಡು ಬರಹಗಳ ನಡುವೆ ಏನು ಬದಲಾಯಿತು, ಯಾಕೆ ಬದಲಾಯಿತು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲನೆಯದರ ತೊಂದರೆ ಏನು ಅಂತ ನೋಡೋಣ. ಹುಟ್ಟಿನಿಂದ ಸಾವಿನವರೆಗೆ ಬರೆಯಲು ಹೊರಟರೆ ಯಾವುದು ಮೊದಲು ಬರಬೇಕು, ಯಾವುದು ಆಮೇಲೆ ಬರಬೇಕು ಅಂತ ಕ್ಯಾಲೆಂಡರೇ ತೀರ್ಮಾನ ಮಾಡಿಬಿಡುತ್ತದೆ. ಬರೆಯುವವರಿಗೆ ಅಲ್ಲಿ ಯೋಚಿಸುವ ಕೆಲಸವೇ ಇರುವುದಿಲ್ಲ. ಬಾಲ್ಯಕ್ಕೆ ಎರಡು ಪ್ಯಾರಾ, ಮದುವೆಗೆ ಎರಡು, ಕಾಯಿಲೆಗೆ ಎರಡು. ಹೇಳಲು ಏನೂ ಇಲ್ಲದ ವರ್ಷಗಳನ್ನೂ ದಾಟಿಯೇ ಮುಂದೆ ಹೋಗಬೇಕು. ಇಷ್ಟಾದರೂ ಓದುವವರಿಗೆ ಇರುವುದು "ಮುಂದೇನಾಯ್ತು?" ಅನ್ನುವ ಒಂದೇ ಪ್ರಶ್ನೆ. ಸಾಮಾನ್ಯರ ಬದುಕಿನಲ್ಲಿ ಮುಂದೇನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಅಲ್ವಾ? ಬೆಳೆಯುತ್ತಾರೆ, ದುಡಿಯುತ್ತಾರೆ, ಒಂದು ದಿನ ಹೋಗುತ್ತಾರೆ. ಹಾಗಾಗಿ ಆ ಪ್ರಶ್ನೆ ಓದುಗರನ್ನು ಬಹಳ ದೂರ ಎಳೆದುಕೊಂಡು ಹೋಗುವುದಿಲ್ಲ.

ನಿಮ್ಮ ಬರಹದಲ್ಲೂ ಹೀಗಾಗಿದೆಯಾ ಅಂತ ನೋಡಲು ಸುಲಭದ ದಾರಿಯಿದೆ. ಪ್ರತಿ ಪ್ಯಾರಾದ ಮೊದಲ ಎರಡು ಮೂರು ಪದಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿ. "ಆಮೇಲೆ", "ಮರುವರ್ಷ", "ಅದಾದ ನಂತರ", "ನಾನು ಏಳನೇ ಕ್ಲಾಸಿಗೆ ಬಂದಾಗ". ಅರ್ಧಕ್ಕಿಂತ ಜಾಸ್ತಿ ಪ್ಯಾರಾಗಳು ಹೀಗೆ ಶುರುವಾಗಿದ್ದರೆ ಅವುಗಳನ್ನು ಜೋಡಿಸಿರುವುದು ಕ್ಯಾಲೆಂಡರ್, ನೀವಲ್ಲ. ನನ್ನ ಮೊದಲ ಬರಹದಲ್ಲಿದ್ದದ್ದು ಹದಿನಾಲ್ಕು ಪ್ಯಾರಾ. ಹನ್ನೊಂದಕ್ಕೆ ಸುತ್ತು ಬಿತ್ತು.

ಇಂಗ್ಲಿಷಿನಲ್ಲಿ ಪ್ರಬಂಧಕ್ಕೆ ಎಸ್ಸೆ ಅನ್ನುತ್ತಾರಲ್ಲ, ಅದು ಫ್ರೆಂಚಿನಿಂದ ಬಂದ ಪದ. ಫ್ರಾನ್ಸಿನ ಲೇಖಕ ಮೊಂಟೇನ್ 1580ರಲ್ಲಿ ತನ್ನ ಬರಹಗಳ ಪುಸ್ತಕಕ್ಕೆ ಇಟ್ಟ ಹೆಸರು ಅದು. ಪ್ರಯತ್ನ ಮಾಡಿ ನೋಡುವುದು, ಪರೀಕ್ಷಿಸುವುದು ಅಂತ ಅದರ ಅರ್ಥ. ಪರೀಕ್ಷಿಸಬೇಕಾದರೆ ಕೈಯಲ್ಲಿ ಏನಾದರೂ ಇರಬೇಕಲ್ಲ. ವಸ್ತು ಇಟ್ಟುಕೊಂಡು ಬರೆಯುವವರಿಗೆ ಅದು ಮೊದಲ ದಿನದಿಂದಲೇ ಸಿಕ್ಕಿರುತ್ತದೆ.

ಯಾವ ವಸ್ತು

ಮೊದಲ ಸಲ ಪ್ರಯತ್ನಿಸುವವರು ಸಾಮಾನ್ಯವಾಗಿ ಫೋಟೋ, ಪದಕ, ಉಂಗುರ ಅಥವಾ ಹಳೇ ಪತ್ರ ಆರಿಸಿಕೊಳ್ಳುತ್ತಾರೆ. ನಾನು ಇವುಗಳಿಂದ ದೂರ ಇರಿ ಅನ್ನುತ್ತೇನೆ. ನೆನಪಿಗೆ ಅಂತಲೇ ಎತ್ತಿಟ್ಟ ವಸ್ತುವಿಗೆ ಅದರ ಅರ್ಥ ಮೊದಲೇ ಅಂಟಿಕೊಂಡಿರುತ್ತದೆ. ಪದಕ ಅಂದ ಕೂಡಲೇ ಹೆಮ್ಮೆ. ಉಂಗುರ ಅಂದ ಕೂಡಲೇ ಸಂಬಂಧ. ನೀವು ಬಾಯಿ ತೆರೆಯುವ ಮೊದಲೇ ಓದುಗರು ಏನನ್ನಬೇಕೋ ಅಂದುಕೊಂಡಾಗಿರುತ್ತದೆ.

ದಿನಾ ಕೈಯಾಡಿದ ವಸ್ತು ಹುಡುಕಿ. ಕತ್ತರಿ, ಬೀಗದ ಕೈ, ಟಾರ್ಚು, ಕನ್ನಡಕದ ಡಬ್ಬಿ, ಸುತ್ತಿಗೆ, ಹೀಗೆ ಯಾವುದಾದರೂ ಆದೀತು. ಅದರ ಮೇಲೆ ಬಳಕೆಯ ಗುರುತು ಇರಬೇಕು. ಎಲ್ಲೋ ಸವೆದಿರಬೇಕು, ಎಲ್ಲೋ ರಿಪೇರಿ ಆಗಿರಬೇಕು, ಏನಾದರೂ ಕಳೆದುಹೋಗಿರಬೇಕು. ಕಡೇ ಪಕ್ಷ ಇಬ್ಬರು ಅದನ್ನು ಬೇರೆ ಬೇರೆ ಥರ ಹಿಡಿದಿರಬೇಕು. ಇದು ಮುಖ್ಯ, ಯಾಕೆಂದರೆ ಒಬ್ಬರೇ ಬಳಸಿದ ವಸ್ತು ಅವರ ಅಭ್ಯಾಸವನ್ನಷ್ಟೇ ಹೇಳುತ್ತದೆ. ಇಬ್ಬರು ಮುಟ್ಟಿದ ವಸ್ತುವಿನಲ್ಲಿ ಇಬ್ಬರ ನಡುವಿನ ಮಾತು ಸಿಗುತ್ತದೆ. ಅಮ್ಮನ ಟೇಪು ಅವಳಿಗೆ ಕೆಲಸದ ಸಾಮಾನು. ಚಿಕ್ಕವನಾಗಿದ್ದ ನನಗೆ ಅದು ಹಾವು, ಚಾಟಿ, ಸೇತುವೆ, ಏನು ಬೇಕಾದರೂ.

ವಸ್ತು ಸಿಕ್ಕಿದ ಮೇಲೆ ಒಂದು ಕೆಲಸ ಮಾಡಿ. ಅದನ್ನು ಮೇಜಿನ ಮೇಲಿಟ್ಟು ಅರ್ಧ ಗಂಟೆ ಕೂತು, ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು, ಮೂಗಿಗೆ ಬಂದದ್ದು ಇಷ್ಟನ್ನೇ ಬರೆಯಿರಿ. ನೆನಪು ಬೇಡ. ಯಾರ ಹೆಸರೂ ಬೇಡ. ಇದು ಕೇಳಲು ಸುಲಭ. ಮಾಡುವಾಗ ಹತ್ತನೇ ನಿಮಿಷಕ್ಕೆ ಬರೆಯಲು ಏನೂ ಉಳಿದಿಲ್ಲ ಅನ್ನಿಸುತ್ತದೆ. ಆಗಲೂ ಏಳಬೇಡಿ. ನನಗೆ ಬೇಕಾಗಿದ್ದು ಸಿಕ್ಕಿದ್ದು ಇಪ್ಪತ್ತನೇ ನಿಮಿಷದ ನಂತರ.

ನನ್ನ ಟಿಪ್ಪಣಿಯಲ್ಲಿ ಇದ್ದದ್ದು ಇಷ್ಟು: "ಹಳದಿ ಬಣ್ಣ, ಅಂಚು ಬೂದು. 60 ಇಂಚಿನದು. ಒಂದು ತುದಿಗೆ ಹಿತ್ತಾಳೆಯ ಪಟ್ಟಿ ಇದೆ. ಒಂದರಿಂದ ಶುರುವಾಗುವ ತುದಿಗೆ ಇಲ್ಲ. ಅಲ್ಲಿ ಬಟ್ಟೆ ಮಡಚಿ ಕಪ್ಪು ದಾರದಲ್ಲಿ ಹೊಲಿದಿದೆ. ಆ ಕಡೆ 1, 2, 3 ಅಳಿಸಿಹೋಗಿವೆ. 10ರ ಹತ್ತಿರ ಟೇಪು ಮೆತ್ತಗಾಗಿದೆ, ಹೆಬ್ಬೆರಳು ಅಲ್ಲೇ ಕೂರುತ್ತದೆ. 41ರ ಮೇಲೆ ಅಡ್ಡಕ್ಕೆ ಒಂದು ನೀಲಿ ಪೆನ್ನಿನ ಗೆರೆ. ಸೀಮೆಸುಣ್ಣದ ವಾಸನೆ."

ಕೊನೆಗೆ, ಸುಮ್ನೆ ಇರಲಿ ಅಂತ ಅದನ್ನು ಸ್ಟೀಲಿನ ಸ್ಕೇಲಿನ ಪಕ್ಕ ಇಟ್ಟೆ. 10ರಿಂದ 60ರವರೆಗೆ 50 ಇಂಚು ಇರಬೇಕಿತ್ತು. 51 ಇತ್ತು. ಹಳೇ ಬಟ್ಟೆಯ ಟೇಪುಗಳು ಎಳೆದೂ ಎಳೆದೂ ಹಿಗ್ಗುತ್ತವೆ. ಹೊಲಿಗೆ ಗೊತ್ತಿದ್ದವರಿಗೆ ಇದು ಹೊಸ ಸುದ್ದಿಯಲ್ಲ. ನನಗೆ ಹೊಸದಾಗಿತ್ತು, ಮತ್ತು ಪ್ರಬಂಧ ತಿರುಗಿದ್ದು ಅಲ್ಲೇ.

ಗುರುತಿನಿಂದ ಘಟನೆಗೆ

ಈಗ ಒಂದೊಂದು ಗುರುತನ್ನೂ ಹಿಡಿದು "ಇದು ಹೇಗಾಯಿತು?" ಅಂತ ಕೇಳಬೇಕು. ನೆನಪು ಬರಬೇಕಾದದ್ದು ಈ ಹಂತದಲ್ಲಿ.

10ರ ಹತ್ತಿರ ಮೆತ್ತಗಾಗಿದ್ದು ಯಾಕೆ? ಅಮ್ಮ ಯಾವಾಗಲೂ ಹತ್ತರಿಂದ ಅಳೆಯುತ್ತಿದ್ದಳು. ಹತ್ತರ ಗೆರೆಯನ್ನು ಭುಜದ ಮೇಲಿಟ್ಟು, ಕೆಳಗೆ 34 ಬಂದರೆ "ಇಪ್ಪತ್ನಾಲ್ಕು" ಅನ್ನುತ್ತಿದ್ದಳು. ಟೇಪಿನ ತುದಿ ಹಾಳಾಗಿದ್ದರೆ ಹೊಲಿಯುವವರು, ಮರಗೆಲಸದವರು ಹೀಗೆ ಒಳಗಿನ ಯಾವುದಾದರೂ ಅಂಕಿಯಿಂದ ಶುರು ಮಾಡಿ ಅಷ್ಟನ್ನು ಕಳೆಯುವುದುಂಟು. ಅಳೆಸಿಕೊಳ್ಳಲು ನಿಂತ ಮಕ್ಕಳಿಗೆ ಮಾತ್ರ ಅದೊಂದು ಮ್ಯಾಜಿಕ್. ಟೇಪು ಒಂದು ಹೇಳುತ್ತದೆ, ಅಮ್ಮ ಇನ್ನೊಂದು ಹೇಳುತ್ತಾಳೆ.

ತುದಿ ಹಾಳಾಗಿದ್ದು ಹೇಗೆ? ನನ್ನಿಂದ. ಎಂಟು ವರ್ಷದವನಿದ್ದಾಗ ಆ ಹಿತ್ತಾಳೆ ಪಟ್ಟಿಯಿಂದ ಒಂದು ಡಬ್ಬದ ಮುಚ್ಚಳ ಮೀಟಲು ಹೋಗಿದ್ದೆ. ಪಟ್ಟಿ ಕಿತ್ತು ಬಂತು.

ಹಿಗ್ಗಿದ್ದಕ್ಕೆ ಏನು ಕಥೆ? ಮೊದಲು ಏನೂ ಹೊಳೆಯಲಿಲ್ಲ. ಎರಡು ದಿನ ಬಿಟ್ಟು ಒಂದು ಶರ್ಟು ನೆನಪಾಯಿತು. ನಾನು ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅಮ್ಮ ಫೋನಿನಲ್ಲಿ ಅಳತೆ ಕೇಳಿದಳು. ಹೊಸ ಟೇಪು ತಂದು ಅಳೆದು ಹೇಳಿದೆ, ತೋಳು 24. ಬಂದ ಶರ್ಟಿನ ತೋಳು ಅರ್ಧ ಇಂಚಿನಷ್ಟು ಉದ್ದ. ಮುಂದಿನ ಸಲ ಮನೆಗೆ ಹೋದಾಗ ಅಂದುಬಿಟ್ಟೆ, "ನಿನ್ನ ಕಣ್ಣು ಮಂಜಾಗಿದೆ ಕಣಮ್ಮ, ಇನ್ನು ಹೊಲಿಯೋದು ಬಿಡು." ಅವಳು ಏನೂ ಹೇಳಲಿಲ್ಲ. ಹೊಲಿಗೆ ಬಿಚ್ಚಿ ಮತ್ತೆ ಹಾಕಿಕೊಟ್ಟಳು.

ಅವಳ ಕಣ್ಣು ಸರಿಯಾಗೇ ಇತ್ತು. ಅವಳ ಟೇಪಿನ 24 ಇಂಚು ನಿಜಕ್ಕೂ ಇಪ್ಪತ್ನಾಲ್ಕೂವರೆ ಆಗಿತ್ತು. ಹಾಗಿದ್ದರೆ ಅಷ್ಟು ವರ್ಷ ಉಳಿದವರ ಬಟ್ಟೆಗಳೆಲ್ಲ ಸರಿಯಾಗಿ ಕೂತದ್ದು ಹೇಗೆ? ಮೈ ಅಳೆದದ್ದೂ ಅದೇ ಟೇಪಿನಲ್ಲಿ, ಬಟ್ಟೆ ಕತ್ತರಿಸಿದ್ದೂ ಅದೇ ಟೇಪಿನಲ್ಲಿ. ಎರಡೂ ಕಡೆ ಒಂದೇ ತಪ್ಪು ಇದ್ದರೆ ತಪ್ಪು ಕಾಣುವುದಿಲ್ಲ. ಅಳತೆ ಹೊರಗಿನಿಂದ ಬಂದಾಗ ಮಾತ್ರ ವ್ಯತ್ಯಾಸ ಎದ್ದು ಕಂಡಿತು. ಹೊರಗಿನಿಂದ ಅಳತೆ ಕಳಿಸಿದವನು ನಾನು.

ಗಮನಿಸಿ, ಈ ಶರ್ಟಿನ ಪ್ರಸಂಗ ನನ್ನ ಮೊದಲ ಬರಹದಲ್ಲಿ ಇರಲೇ ಇಲ್ಲ. ವರ್ಷದಿಂದ ವರ್ಷಕ್ಕೆ ನಡೆದುಹೋಗುವಾಗ ನಾವು ನಿಲ್ಲುವುದು ದೊಡ್ಡ ಘಟನೆಗಳ ಹತ್ತಿರ. ಒಂದು ತೋಳು ಉದ್ದವಾಗಿದ್ದು ಯಾವ ವರ್ಷದ ಪಟ್ಟಿಯಲ್ಲೂ ಬರುವುದಿಲ್ಲ. ವಸ್ತು ಹಿಡಿದು ಬರೆದಾಗ ಸಿಗುವ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಕಥೆ ಅಂತ ನೀವು ಎಣಿಸಿಯೇ ಇರದ ಸಂಗತಿಗಳನ್ನು ಅದು ಎಳೆದು ತರುತ್ತದೆ.

ಯಾವುದರ ಹಿಂದೆ ಯಾವುದು

ಇಲ್ಲಿಗೆ ಕೈಯಲ್ಲಿ ಐದಾರು ತುಣುಕುಗಳಿರುತ್ತವೆ. ಅವನ್ನು ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿ. ಜೋಡಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ತುಣುಕು ಓದುಗರಿಗೆ ತಾಗಬೇಕಾದರೆ ಅದಕ್ಕೆ ಮೊದಲು ಅವರಿಗೆ ಏನು ಗೊತ್ತಿರಬೇಕು? ಯಾವ ವರ್ಷ ನಡೆಯಿತು ಅನ್ನುವುದನ್ನು ಚೀಟಿಯ ಹಿಂದೆ ಬರೆದುಕೊಳ್ಳಿ, ಮುಂದೆ ಬೇಡ.

ನನ್ನ ವಿಷಯದಲ್ಲಿ ಮೊದಲ ತೀರ್ಮಾನ ಅಮ್ಮನ ಸಾವಿನದ್ದು. ಮೊದಲ ಬರಹದಲ್ಲಿ ಅದು ಕೊನೆಗಿತ್ತು, ಇಡೀ ಬರಹ ಅದರ ಕಡೆಗೇ ಜಾರುತ್ತಿತ್ತು. ಈಗ ಅದನ್ನು ಎರಡನೇ ವಾಕ್ಯಕ್ಕೆ ತಂದೆ: "ಅಮ್ಮ ಹೋಗಿ ಎರಡು ವರ್ಷಕ್ಕೆ ಮಷಿನಿನ ಡ್ರಾಯರಿನಲ್ಲಿ ಈ ಟೇಪು ಸಿಕ್ಕಿತು." ಅಷ್ಟೇ. ಅವಳು ಬದುಕುತ್ತಾಳಾ ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಓದುಗರು ಇನ್ನು ಸಾವಿಗಾಗಿ ಕಾಯುವುದಿಲ್ಲ, ಟೇಪನ್ನು ನೋಡುತ್ತಾರೆ. ಕ್ಯಾಲೆಂಡರ್ ಪ್ರಕಾರ ಕೊನೆಗೆ ಬರುವ ದೊಡ್ಡ ಘಟನೆಯನ್ನು ಮೊದಲೇ, ಅದೂ ಅರ್ಧ ವಾಕ್ಯದಲ್ಲಿ ಹೇಳಿಬಿಡುವುದು ಈ ಬಗೆಯ ಪ್ರಬಂಧಕ್ಕೆ ಬಹಳ ಸಲ ಒಗ್ಗುತ್ತದೆ.

ಎರಡನೆಯದು ಹತ್ತರಿಂದ ಅಳೆಯುವುದು ಮತ್ತು ಕಿತ್ತುಹೋದ ಪಟ್ಟಿ. ನಡೆದ ಕ್ರಮದಲ್ಲಿ ಪಟ್ಟಿ ಕಿತ್ತದ್ದು ಮೊದಲು, ಹತ್ತರ ಅಭ್ಯಾಸ ಅದರ ಪರಿಣಾಮ. ನಾನು ತಿರುಗಿಸಿದೆ. ಮೊದಲು ಅಮ್ಮ ಹತ್ತರಿಂದ ಅಳೆಯುವುದು ಬರುತ್ತದೆ, ಅದೊಂದು ಒಗಟಿನ ಹಾಗೆ ನಿಲ್ಲುತ್ತದೆ. ಒಂದು ಪುಟ ಕಳೆದ ಮೇಲೆ ಕಾರಣ ಬರುತ್ತದೆ. ಅವಳು ದಿನಕ್ಕೆ ಎಷ್ಟೋ ಸಲ ಮನಸ್ಸಿನಲ್ಲೇ ಹತ್ತು ಕಳೆಯುತ್ತಿದ್ದದ್ದು ನಾನು ಮಾಡಿದ ಕೆಲಸದಿಂದ ಅಂತ ಓದುಗರಿಗೆ ಗೊತ್ತಾಗುವುದು ಆಗ. ಕಾರಣ ಮೊದಲು ಹೇಳಿದ್ದರೆ ಅದೊಂದು ತುಂಟ ಹುಡುಗನ ಪ್ರಸಂಗ ಆಗಿ ಮುಗಿದುಹೋಗುತ್ತಿತ್ತು.

ಶರ್ಟಿನ ಪ್ರಸಂಗವೂ ಹಾಗೆಯೇ. ಮೊದಲು ನಾನು ಆಡಿದ ಮಾತು, ಅವಳು ಬಿಚ್ಚಿ ಹೊಲಿದದ್ದು. ನಡುವೆ ಬೇರೆ ವಿಷಯ. ಆಮೇಲೆ ಸ್ಕೇಲಿನ ಪಕ್ಕದ ಟೇಪು, 51 ಇಂಚು. ಶರ್ಟು ಮತ್ತು ಸ್ಕೇಲು ಒಂದೇ ಪ್ಯಾರಾದಲ್ಲಿ ಇದ್ದಾಗ ಅದು ನಾನು ಕೊಡುವ ವಿವರಣೆಯ ಹಾಗೆ ಓದಿಸಿಕೊಳ್ಳುತ್ತಿತ್ತು. ದೂರ ಇಟ್ಟಾಗ ಓದುಗರೇ ಹಿಂದಿರುಗಿ ಶರ್ಟಿಗೆ ಹೋಗುತ್ತಾರೆ. ಹೀಗೆ ವಸ್ತು ಪ್ರತಿ ಸಲ ಬಂದಾಗಲೂ ಹಿಂದಿನ ಸಲಕ್ಕಿಂತ ಸ್ವಲ್ಪ ಬೇರೆಯಾಗಿ ಕಾಣಬೇಕು. ಬರೀ "ಟೇಪು ಇಲ್ಲೇ ಇದೆ" ಅಂತ ನೆನಪಿಸಲು ಅದನ್ನು ತಂದರೆ ಆ ಸಾಲು ತೆಗೆದುಬಿಡಬಹುದು.

ಇಸವಿ ಬಿಟ್ಟರೆ ಓದುಗರು ಕಳೆದುಹೋಗುವುದಿಲ್ಲವೇ ಅನ್ನುವ ಭಯ ಸಹಜ. ಪ್ರತಿ ದೃಶ್ಯಕ್ಕೂ ಒಂದು ಗೂಟ ಸಾಕು. "ಎಂಟು ವರ್ಷದವನಿದ್ದಾಗ", "ಕೆಲಸಕ್ಕೆ ಸೇರಿದ ಹೊಸತರಲ್ಲಿ". ಇನ್ನೊಂದು ಸಹಾಯ ನಮ್ಮ ಕ್ರಿಯಾಪದಗಳಲ್ಲೇ ಇದೆ. ಟೇಪು ಮೇಜಿನ ಮೇಲೆ ಇರುವ ಭಾಗಗಳನ್ನೆಲ್ಲ ನಾನು ಈಗಿನ ಕಾಲದಲ್ಲಿ ಬರೆದೆ: ಇದೆ, ಕೂರುತ್ತದೆ, ಕಾಣುತ್ತದೆ. ಅಮ್ಮನ ಅಭ್ಯಾಸಗಳಿಗೆ "ಅಳೆಯುತ್ತಿದ್ದಳು, ಅನ್ನುತ್ತಿದ್ದಳು". ಒಂದೇ ಒಂದು ಸಲ ನಡೆದದ್ದಕ್ಕೆ "ಬಿಚ್ಚಿದಳು, ಕಿತ್ತು ಬಂತು". ಈ ಮೂರನ್ನು ಕಲಸದೆ ಇಟ್ಟರೆ ಓದುಗರಿಗೆ ತಾವು ಎಲ್ಲಿದ್ದೇವೆ ಅಂತ ತಾನಾಗಿಯೇ ತಿಳಿಯುತ್ತದೆ.

ನೆನಪಿನ ಬರಹಗಳಲ್ಲಿ "ಉತ್ತಿದ್ದಳು, ಉತ್ತಿದ್ದರು" ಸಾಲುಗಟ್ಟಿ ನಿಂತುಬಿಡುತ್ತವೆ. ಬೆಳಿಗ್ಗೆ ಏಳುತ್ತಿದ್ದಳು, ದೀಪ ಹಾಕುತ್ತಿದ್ದಳು, ಮಷಿನ್ ಒರೆಸುತ್ತಿದ್ದಳು. ಮೂರು ಬಂದ ಮೇಲೆ ನಾಲ್ಕನೆಯದು ಮಂಪರು ತರುತ್ತದೆ. ಅಲ್ಲೊಂದು ಕಡೆ ಮುರಿಯಬೇಕು: "ಆ ದಿನ ಒರೆಸಲಿಲ್ಲ." ಒಂದು ಕ್ರಿಯಾಪದ ಬದಲಾದ ಕೂಡಲೇ ಅಭ್ಯಾಸ ಹೋಗಿ ದೃಶ್ಯ ಶುರುವಾಗುತ್ತದೆ.

ಎಲ್ಲಿ ಕೆಡುತ್ತದೆ

ಬೇರೆಯವರ ಕರಡುಗಳನ್ನು ಓದುವಾಗ ನನಗೆ ಹೆಚ್ಚು ಸಿಗುವ ತಪ್ಪು, ವಸ್ತುವಿನಿಂದ ಭಾಷಣ ಮಾಡಿಸುವುದು. ನಾನೂ ಮಾಡಿದೆ. ಎರಡನೇ ಕರಡಿನಲ್ಲಿ ಈ ವಾಕ್ಯ ಇತ್ತು: "ಆ ಟೇಪಿನ ಹಾಗೆ ಅಮ್ಮನ ಪ್ರೀತಿಯೂ ನಮಗಾಗಿ ಹಿಗ್ಗಿತ್ತು." ಬರೆದ ದಿನ ನನಗೇ ಕಣ್ಣು ಒದ್ದೆಯಾಗಿತ್ತು. ಒಂದು ವಾರ ಬಿಟ್ಟು ಓದಿದಾಗ ಅದು ಸುಳ್ಳು ಅನ್ನಿಸಿತು. ಟೇಪು ಹಿಗ್ಗಿದ್ದು ಎಳೆದದ್ದಕ್ಕೆ. ಅದರಿಂದ ಒಂದು ತೋಳು ಉದ್ದವಾಯಿತು, ಒಂದು ಮಾತು ಆಡಿ ಹೋಯಿತು. ನಡೆದದ್ದು ಅಷ್ಟು, ಮತ್ತು ಅಷ್ಟೇ ಸಾಕಾಗಿತ್ತು. ಕವಿ ಟಿ. ಎಸ್. ಎಲಿಯಟ್ 1919ರಲ್ಲಿ ಹ್ಯಾಮ್ಲೆಟ್ ನಾಟಕದ ಬಗ್ಗೆ ಬರೆಯುತ್ತಾ ಇದಕ್ಕೆ ಹತ್ತಿರದ ಮಾತೊಂದನ್ನು ಹೇಳಿದ್ದ. ಕಲೆಯಲ್ಲಿ ಒಂದು ಭಾವನೆ ಹುಟ್ಟಬೇಕಾದರೆ ಅದಕ್ಕೆ ತಕ್ಕ ವಸ್ತುಗಳು, ಸನ್ನಿವೇಶ, ಘಟನೆಗಳು ಬೇಕು, ಅವು ಬಂದಾಗ ಭಾವನೆ ಕೂಡಲೇ ಎದ್ದು ಬರಬೇಕು ಅನ್ನುವುದು ಅವನ ವಾದ. ಅವು ಸರಿಯಾಗಿ ಕೂತಿದ್ದ ಮೇಲೆ ನಾವು ಭಾವನೆಯ ಹೆಸರನ್ನೂ ಕೂಗಿ ಹೇಳಿದರೆ ಒಂದೇ ಮಾತು ಎರಡು ಸಲ ಆಡಿದಂತಾಗುತ್ತದೆ.

ಇಂಥ ವಾಕ್ಯಗಳನ್ನು ಹಿಡಿಯಲು ನಾನು ವಸ್ತುವಿನ ಹೆಸರು ಬದಲಿಸಿ ಓದುತ್ತೇನೆ. "ಆ ಕೊಡೆಯ ಹಾಗೆ ಅಮ್ಮನ ಪ್ರೀತಿ", "ಆ ಗಡಿಯಾರದ ಹಾಗೆ ಅಮ್ಮನ ಪ್ರೀತಿ". ಸ್ವಲ್ಪ ತಿದ್ದಿದರೆ ಯಾವ ವಸ್ತುವಿಗೂ ಹೊಂದುವ ವಾಕ್ಯ ನಿಮ್ಮ ವಸ್ತುವಿನದ್ದಲ್ಲ. "ಟೇಪು 34 ತೋರಿಸಿದರೆ ಅಮ್ಮ ಇಪ್ಪತ್ನಾಲ್ಕು ಅನ್ನುತ್ತಿದ್ದಳು" ಅನ್ನುವುದರಲ್ಲಿ ಕೊಡೆ ಹಾಕಿ ನೋಡಿ, ಕೂರುವುದೇ ಇಲ್ಲ.

ಇನ್ನೊಂದು ತಪ್ಪು ಮರೆಯಲ್ಲಿ ಬರುತ್ತದೆ. ಇಸವಿ ಬಿಟ್ಟೆವು ಅಂದುಕೊಂಡು ವಸ್ತುವಿನ ಜೀವನಚರಿತ್ರೆ ಬರೆಯುವುದು. ಕೊಂಡದ್ದು, ಬಳಸಿದ್ದು, ಮುರಿದದ್ದು, ಸಿಕ್ಕಿದ್ದು. ಅಮ್ಮನ ಜಾಗದಲ್ಲಿ ಟೇಪು ಹುಟ್ಟಿ ಬೆಳೆದು ಸಾಯುತ್ತದೆ ಅಷ್ಟೇ, ಕ್ಯಾಲೆಂಡರ್ ಹಾಗೇ ಇರುತ್ತದೆ. ಪ್ಯಾರಾದ ಮೊದಲ ಪದಗಳಿಗೆ ಸುತ್ತು ಹಾಕುವ ಪರೀಕ್ಷೆ ಇಲ್ಲೂ ಕೆಲಸ ಮಾಡುತ್ತದೆ.

ಮೊದಲ ಪ್ಯಾರಾದಲ್ಲಿ ಬಂದ ವಸ್ತು ಕೊನೆಯ ಪ್ಯಾರಾದವರೆಗೆ ಕಾಣದೇ ಇರುವುದೂ ಉಂಟು. ಬರಹದಿಂದ ವಸ್ತುವನ್ನು ಪೂರ್ತಿ ಅಳಿಸಿ ಓದಿ ನೋಡಿ. ಏನೂ ಕುಸಿಯದಿದ್ದರೆ ಅದನ್ನು ಮೇಲೆ ಅಂಟಿಸಿದ್ದೀರಿ ಅಂತ ಅರ್ಥ. ಇದರ ಉಲ್ಟಾ ತೊಂದರೆಯೂ ಇದೆ: ಸಾಲು ಸಾಲಿಗೂ ಟೇಪು. ನನ್ನ ಕೊನೆಯ ಬರಹ ಸುಮಾರು 1,500 ಪದದ್ದು. ಟೇಪು ನೇರವಾಗಿ ಬರುವುದು ಆರು ಕಡೆ, ಎಲ್ಲ ಸೇರಿ 300 ಪದ ಆಗಬಹುದು. ಉಳಿದದ್ದು ಜನ. ಇದು ನಿಯಮವೇನಲ್ಲ. ಆದರೆ ಅರ್ಧಕ್ಕೂ ಮಿಕ್ಕಿ ವಸ್ತುವಿನ ವರ್ಣನೆಯೇ ಇದ್ದರೆ ಅದು ಕ್ಯಾಟಲಾಗಿನ ಕಡೆಗೆ ವಾಲುತ್ತದೆ.

ಈ ದಾರಿ ಎಲ್ಲದಕ್ಕೂ ಸರಿಹೋಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಒಂದು ಕಾಯಿಲೆ ಗೊತ್ತಾಗಲು ಯಾಕೆ ತಡವಾಯಿತು ಅನ್ನುವುದೇ ನಿಮ್ಮ ವಿಷಯವಾಗಿದ್ದರೆ, ಯಾವ ವಾರ ಏನಾಯಿತು ಅನ್ನುವ ಕ್ರಮವೇ ಅಲ್ಲಿ ಮುಖ್ಯ. ಅದನ್ನು ಹಿಂದುಮುಂದು ಮಾಡಿದರೆ ಓದುಗರಿಗೆ ಅನ್ಯಾಯ. ಆಗ ಇಸವಿಯನ್ನೇ ಹಿಡಿಯಿರಿ. ಹಾಗೆಯೇ ವಸ್ತು ಈಗ ನಿಮ್ಮ ಹತ್ತಿರ ಇಲ್ಲದಿದ್ದರೂ ಬರೆಯಬಹುದು, ಆದರೆ ಅದರ ಮೇಲೆ ಇಲ್ಲದ ಗುರುತುಗಳನ್ನು ಕಲ್ಪಿಸಬೇಡಿ. "ತುದಿಗೆ ಯಾವ ಬಣ್ಣದ ದಾರ ಇತ್ತು ನೆನಪಿಲ್ಲ" ಅಂತ ಬರೆದರೆ ಓದುಗರು ನಂಬುತ್ತಾರೆ. ಬಣ್ಣ ಹುಟ್ಟಿಸಿದರೆ ಎಲ್ಲೋ ಒಂದು ಕಡೆ ಅದು ಎದ್ದು ಕಾಣುತ್ತದೆ.

ಕಾರಣ ಗೊತ್ತಿಲ್ಲದ ಗುರುತು

41ರ ನೀಲಿ ಗೆರೆಯ ಕಥೆ ಉಳಿಯಿತು. ಅದನ್ನು ಯಾರು ಹಾಕಿದರು, ಯಾಕೆ ಹಾಕಿದರು ಅಂತ ನನಗೆ ಗೊತ್ತಿರಲಿಲ್ಲ. ಕೇಳಲು ಅಮ್ಮ ಇಲ್ಲ. ಮೊದಲು ಆ ಗೆರೆಯನ್ನು ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಬಿಡದೇ ಇದ್ದದ್ದು ಒಳ್ಳೆಯದಾಯಿತು. ಕಾರಣ ಗೊತ್ತಿಲ್ಲದ ಗುರುತೊಂದು ವಸ್ತುವಿನ ಮೇಲೆ ಇದ್ದರೆ ಅದನ್ನು ಕಡೆಯವರೆಗೂ ಜೋಪಾನವಾಗಿ ಇಟ್ಟುಕೊಳ್ಳಿ. ಗೊತ್ತಿರುವ ಕಥೆಗಳನ್ನು ನಾವು ಹೇಳಿ ಮುಗಿಸುತ್ತೇವೆ. ಗೊತ್ತಿಲ್ಲದ್ದರ ಹತ್ತಿರ ಬಂದಾಗ ಬರೆಯುವವರೂ ಓದುವವರೂ ಒಟ್ಟಿಗೆ ಹುಡುಕಬೇಕಾಗುತ್ತದೆ.

ಮನೆಯಲ್ಲಿ 41 ಇಂಚಿನದ್ದು ಏನಿದೆ ಅಂತ ಹುಡುಕಿದೆ. ಕಿಟಕಿ, ಮಷಿನಿನ ಮೇಜು, ನನ್ನ ಹಳೇ ಬಟ್ಟೆ. ಯಾವುದೂ ಹೊಂದಲಿಲ್ಲ. ಚೀಟಿಗಳನ್ನು ನೆಲದ ಮೇಲೆ ಹರಡಿದ್ದಾಗ "ಹತ್ತರಿಂದ" ಅನ್ನುವ ಚೀಟಿ "41" ಅನ್ನುವ ಚೀಟಿಯ ಪಕ್ಕಕ್ಕೆ ಬಂದು ಬಿದ್ದಿತ್ತು. ಅಮ್ಮ ಹತ್ತರಿಂದ ಅಳೆಯುತ್ತಿದ್ದಳು. ಹಾಗಾದರೆ ಅವಳ ಲೆಕ್ಕದಲ್ಲಿ ಅದು 31.

ಅಪ್ಪನ ಹಳೇ ಪ್ಯಾಂಟು ಒಂದು ಪೆಟ್ಟಿಗೆಯಲ್ಲಿತ್ತು. ಅಮ್ಮನ ಟೇಪು ಹಿಡಿದು, ಹತ್ತರ ಗೆರೆಯನ್ನು ಒಳಗಾಲಿನ ಹೊಲಿಗೆಯ ಮೇಲ್ತುದಿಗೆ ಇಟ್ಟು ಅಳೆದೆ. ಪ್ಯಾಂಟಿನ ಅಂಚು ನೀಲಿ ಗೆರೆಯ ಮೇಲೆ ಬಂದು ನಿಂತಿತು. ಅವರು ವರ್ಷಕ್ಕೊಮ್ಮೆ ಬರುತ್ತಿದ್ದರು. ಬಂದಾಗ ಅವರಿಗೆ ಹೊಸ ಪ್ಯಾಂಟು ಹೊಲಿದು ಇಟ್ಟಿರುತ್ತಿತ್ತು. ಇದೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲಾರೆ. 31 ಇಂಚಿನದ್ದು ಬೇರೆ ಏನಾದರೂ ಇದ್ದಿರಬಹುದು.

ಪ್ರಬಂಧದ ಕೊನೆ ಹೇಗಿರಬೇಕು ಅಂತ ಇದರಿಂದ ತೀರ್ಮಾನವಾಯಿತು. ಮೊದಲ ಬರಹದಲ್ಲಿ ಅಪ್ಪ ಊರು ಬಿಟ್ಟದ್ದಕ್ಕೆ ಎರಡು ಪೂರ್ತಿ ಪ್ಯಾರಾಗಳಿದ್ದವು. ಯಾರ ತಪ್ಪು, ಎಷ್ಟು ವರ್ಷ, ಏನು ಕಷ್ಟ, ಎಲ್ಲ. ಅವನ್ನು ತೆಗೆದು ನಡುವಿನಲ್ಲೊಂದು ಕಡೆ "ಅಪ್ಪ ವರ್ಷಕ್ಕೊಮ್ಮೆ ಬರುತ್ತಿದ್ದರು, ಬಂದ ದಿನ ಹೊಸ ಪ್ಯಾಂಟು ಹಾಕಿಕೊಳ್ಳುತ್ತಿದ್ದರು" ಅಂತ ಒಂದು ಸಾಲು ಇಟ್ಟೆ. ಹತ್ತರಿಂದ ಅಳೆಯುವ ಸಂಗತಿ ಎರಡನೇ ಪ್ಯಾರಾದಲ್ಲೇ ಬಂದಿರುತ್ತದೆ. ಇವೆರಡೂ ಓದುಗರ ಕೈಯಲ್ಲಿ ಇರುವುದರಿಂದ ಕೊನೆಗೆ ನಾನು ಲೆಕ್ಕ ಬಿಡಿಸಿ ತೋರಿಸಬೇಕಾಗಿಲ್ಲ. 31 ಅನ್ನುವ ಸಂಖ್ಯೆ ನನ್ನ ಪ್ರಬಂಧದಲ್ಲಿ ಎಲ್ಲೂ ಇಲ್ಲ. ಕೊನೆಯ ಎರಡು ವಾಕ್ಯಗಳು ಹೀಗಿವೆ: "ಪೆಟ್ಟಿಗೆಯಿಂದ ಅಪ್ಪನ ಪ್ಯಾಂಟು ತೆಗೆದು ಹತ್ತರ ಗೆರೆಯನ್ನು ಹೊಲಿಗೆಗೆ ಹಿಡಿದು ಕೆಳಗೆ ಎಳೆದೆ. ಅಂಚಿನಲ್ಲಿ, ನೀಲಿ ಗೆರೆ."

ಆ ಗೆಳತಿಗೆ ಮತ್ತೆ ಓದಲು ಕೊಟ್ಟೆ. ಓದಿ ಮುಗಿಸಿ ಪುಟ ಹಿಂದಕ್ಕೆ ತಿರುಗಿಸಿ ಎರಡನೇ ಪ್ಯಾರಾ ಹುಡುಕಿದಳು. ಬೆರಳಿಟ್ಟು, ಮೆಲ್ಲಗೆ, ನಲವತ್ತೊಂದರಲ್ಲಿ ಹತ್ತು ಕಳೆದಳು.